ನೋಂದಣಿ ಬೇರೆ, ಮಾನ್ಯತೆ ಬೇರೆ: ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಕಡೂರು, ತರೀಕೆರೆ, ಅಜ್ಜಂಪುರದ ಬಸ್ ನಿಲ್ದಾಣಗಳಲ್ಲಿ ಕರಪತ್ರ ಹಂಚುವವರು ಕಾಣಿಸಿಕೊಳ್ಳುತ್ತಾರೆ. ಕಂಪ್ಯೂಟರ್ ಡಿಪ್ಲೊಮಾ, ಲ್ಯಾಬ್ ಟೆಕ್ನಿಷಿಯನ್, ನರ್ಸಿಂಗ್ ಅಸಿಸ್ಟೆಂಟ್. ಎಲ್ಲದರ ಕೆಳಗೂ ಒಂದೇ ಸಾಲು: 'ಸರ್ಕಾರದಿಂದ ನೋಂದಾಯಿತ, ಐಎಸ್‌ಒ ಪ್ರಮಾಣೀಕೃತ ಸಂಸ್ಥೆ, ನೂರಕ್ಕೆ ನೂರು ಕೆಲಸ ಗ್ಯಾರಂಟಿ.'

ಅಜ್ಜಂಪುರ ಕಡೆಯ ಒಂದು ಮನೆಯವರು ಅಂಥದೇ ಒಂದು ಕರಪತ್ರ ಹಿಡಿದು ನಮ್ಮ ಬಳಿ ಬಂದಿದ್ದರು. ಮಗಳು ಪಿಯುಸಿ ಮುಗಿಸಿದ್ದಾಳೆ. ಒಂದು ವರ್ಷದ 'ನರ್ಸಿಂಗ್ ಅಸಿಸ್ಟೆಂಟ್ ಡಿಪ್ಲೊಮಾ'ಕ್ಕೆ ಫೀಸು 30 ಸಾವಿರ, ಪರೀಕ್ಷೆಗೆ ಮತ್ತೆ 4 ಸಾವಿರ. ಈರುಳ್ಳಿ ಮಾರಿದ ದುಡ್ಡು ಕೈಯಲ್ಲಿತ್ತು. ಸೋಮವಾರದೊಳಗೆ ಅಡ್ವಾನ್ಸ್ ಕಟ್ಟದಿದ್ದರೆ ಸೀಟು ಹೋಗುತ್ತದೆ ಎಂದು ಆ ಸಂಸ್ಥೆಯವರು ಹೇಳಿದ್ದರಂತೆ. 'ಇದು ಸರಿ ಇದೆಯಾ, ಸ್ವಲ್ಪ ನೋಡಿ' ಎಂದು ಅಪ್ಪ ಕೇಳಿದರು. ನಾವು ನೋಡಿದ್ದು ಹೇಗೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇವೆ. ಇದನ್ನು ಯಾರು ಬೇಕಾದರೂ ಫೋನಿನಲ್ಲೇ ನೋಡಬಹುದು.

ಮೊದಲು ಆ ಕೆಳಗಿನ ಸಾಲನ್ನೇ ಬಿಡಿಸೋಣ. 'ನೋಂದಾಯಿತ' ಎಂಬುದು ಸುಳ್ಳಲ್ಲ. ಯಾರು ಬೇಕಾದರೂ ಟ್ರಸ್ಟ್ ಮಾಡಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬಹುದು. ಸಣ್ಣ ವ್ಯಾಪಾರ ಇಟ್ಟುಕೊಂಡವರು ಆಧಾರ್ ಕೊಟ್ಟು 'ಉದ್ಯಮ್' ನೋಂದಣಿ ಪಡೆಯಬಹುದು, ಅದಕ್ಕೆ ಫೀಸೂ ಇಲ್ಲ. ಸ್ವಯಂಸೇವಾ ಸಂಸ್ಥೆಗಳು ನೀತಿ ಆಯೋಗದ 'ದರ್ಪಣ್' ತಾಣದಲ್ಲಿ ಹೆಸರು ದಾಖಲಿಸಬಹುದು. ಈ ಮೂರೂ ಹೇಳುವುದು ಒಂದೇ ಮಾತು: ಇಂಥ ಹೆಸರಿನ ಒಂದು ಸಂಸ್ಥೆ ಇದೆ. ಅದು ಕೊಡುವ ಸರ್ಟಿಫಿಕೇಟಿಗೆ ಬೆಲೆ ಇದೆ ಎಂದು ಇವು ಯಾವುವೂ ಹೇಳುವುದಿಲ್ಲ.

ಐಎಸ್‌ಒ ಕಥೆಯೂ ಅಷ್ಟೇ. ಐಎಸ್‌ಒ 9001 ಎಂದರೆ ಒಂದು ಸಂಸ್ಥೆ ತನ್ನ ಕೆಲಸವನ್ನು ಗೊತ್ತುಪಡಿಸಿದ ಕ್ರಮದಲ್ಲಿ ನಡೆಸುತ್ತದೆ, ಅದಕ್ಕೆ ದಾಖಲೆ ಇಡುತ್ತದೆ ಎಂಬ ಪತ್ರ. ಅದನ್ನು ಬೇಕರಿಯೂ ಪಡೆಯಬಹುದು, ಗಾರ್ಮೆಂಟ್ಸ್ ಕಾರ್ಖಾನೆಯೂ ಪಡೆಯಬಹುದು. ಐಎಸ್‌ಒ ಸಂಸ್ಥೆ ತಾನೇ ಯಾರಿಗೂ ಸರ್ಟಿಫಿಕೇಟು ಕೊಡುವುದಿಲ್ಲ, ಬೇರೆ ಕಂಪನಿಗಳು ಕೊಡುತ್ತವೆ. ನರ್ಸಿಂಗ್ ಪಾಠಕ್ಕೂ ಪರೀಕ್ಷೆಗೂ ಅದು ಮಾನ್ಯತೆ ಅಲ್ಲ.

ನಮ್ಮ ರೈತರಿಗೆ ಇದು ಹೊಸ ಲೆಕ್ಕವೇನಲ್ಲ. ಬೀಜದಂಗಡಿಗೆ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಅಲ್ಲಿರುವ ಪ್ರತಿ ಚೀಲವೂ ಪ್ರಮಾಣಿತ ಬೀಜ ಆಗುವುದಿಲ್ಲ. ಚೀಲಕ್ಕೆ ಹೊಲಿದ ನೀಲಿ ಚೀಟಿ ನೋಡುತ್ತೇವೆ, ಯಾವ ತಳಿ, ಎಲ್ಲಿಯವರೆಗೆ ಅವಧಿ ಎಂದು ಓದುತ್ತೇವೆ. ಕೋರ್ಸಿಗೂ ಅಂಥ ನೀಲಿ ಚೀಟಿ ಇದೆ. ಅಂಗಡಿಯ ಬೋರ್ಡು ಬಿಟ್ಟು ಆ ಚೀಟಿ ಕೇಳಬೇಕು.

ಅಲ್ಪಾವಧಿ ಕೌಶಲ ಕೋರ್ಸುಗಳಿಗೆ ಆ ಚೀಟಿ ಕೊಡುವುದು ಕೇಂದ್ರ ಸರ್ಕಾರದ ರಾಷ್ಟ್ರೀಯ ವೃತ್ತಿ ಶಿಕ್ಷಣ ಮತ್ತು ತರಬೇತಿ ಪರಿಷತ್ತು, ಚಿಕ್ಕದಾಗಿ ಎನ್‌ಸಿವಿಇಟಿ. ಇದನ್ನು ರಚಿಸಿದ್ದು 2018ರ ಡಿಸೆಂಬರ್‌ನಲ್ಲಿ. ಇದು ತಾನೇ ಪಾಠ ಮಾಡುವುದಿಲ್ಲ. ಸರ್ಟಿಫಿಕೇಟು ಕೊಡುವ ಸಂಸ್ಥೆಗಳನ್ನೂ ಪರೀಕ್ಷೆ ಮಾಡುವ ಸಂಸ್ಥೆಗಳನ್ನೂ ಪರಿಶೀಲಿಸಿ ಮಾನ್ಯತೆ ಕೊಡುತ್ತದೆ. ಹಾಗಾಗಿ ಕೋರ್ಸಿನಲ್ಲಿ ಇಬ್ಬರನ್ನು ಬೇರೆ ಬೇರೆಯಾಗಿ ನೋಡಬೇಕು. ಕಡೂರಿನಲ್ಲೋ ತರೀಕೆರೆಯಲ್ಲೋ ಪಾಠ ಹೇಳುವ ಸೆಂಟರ್ ಒಂದು. ಸರ್ಟಿಫಿಕೇಟಿನ ಕೆಳಗೆ ಸಹಿ ಹಾಕುವ ಸಂಸ್ಥೆ ಇನ್ನೊಂದು. ದುಡ್ಡು ಕಟ್ಟುವುದು ಮೊದಲನೆಯವರಿಗೆ, ಬೆಲೆ ಇರುವುದು ಎರಡನೆಯವರ ಸಹಿಗೆ.

ಆದ್ದರಿಂದ ಆ ಅಪ್ಪನಿಗೆ ನಾವು ಮೊದಲು ಹೇಳಿದ್ದು, 'ಸೆಂಟರಿಗೆ ಫೋನ್ ಮಾಡಿ, ಸರ್ಟಿಫಿಕೇಟಿಗೆ ಸಹಿ ಹಾಕುವವರು ಯಾರು, ಕೋರ್ಸಿನ ಕೋಡ್ ಏನು, ಎರಡೇ ಪ್ರಶ್ನೆ ಕೇಳಿ' ಎಂದು. ಅವರು ಸ್ಪೀಕರ್ ಹಾಕಿ ಕೇಳಿದರು. ಸಹಿ ಹಾಕುವವರ ಹೆಸರು ಬಂತು. 'ಇಂಡಿಯಾ' ಇತ್ತು, 'ಕೌನ್ಸಿಲ್' ಇತ್ತು, ಕೇಳಲು ಸರ್ಕಾರಿ ಕಚೇರಿಯಂತೆಯೇ ಇತ್ತು. ಕೋಡ್ ಕೇಳಿದ್ದಕ್ಕೆ, 'ಅದೆಲ್ಲ ನಿಮಗ್ಯಾಕೆ ಸಾರ್, ನಿಮ್ಮ ಮಗಳಿಗೆ ಕೆಲಸ ಬೇಕಾ ಬೇಡ್ವಾ?' ಎಂಬ ಉತ್ತರ ಬಂತು.

ಆಮೇಲೆ ncvet.gov.in ತೆರೆದು, ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿಯಲ್ಲಿ ಆ ಹೆಸರು ಹುಡುಕಿದೆವು. ಇರಲಿಲ್ಲ. ಒಂದೆರಡು ಅಕ್ಷರ ಹೆಚ್ಚುಕಡಿಮೆ ಇರುವ ಬೇರೆ ಹೆಸರು ಕಂಡರೆ ಅದೇ ಇರಬಹುದು ಎಂದುಕೊಳ್ಳಬಾರದು. ಹೆಸರು ಅಕ್ಷರಕ್ಕೆ ಅಕ್ಷರ ಕೂಡಬೇಕು.

ಮುಂದಿನದು nqr.gov.in. ಮಾನ್ಯತೆ ಇರುವ ಕೋರ್ಸುಗಳ ದಾಖಲೆ ಪುಸ್ತಕ ಇದು. ಕರಪತ್ರದಲ್ಲಿದ್ದ ಕೋರ್ಸಿನ ಹೆಸರು ಹಾಕಿದರೆ ಏನೂ ಬರಲಿಲ್ಲ. ಅದೇ ಕೆಲಸಕ್ಕೆ ಹತ್ತಿರದ ಮಾನ್ಯ ಕೋರ್ಸು General Duty Assistant, ಅಂದರೆ ರೋಗಿಗಳ ಆರೈಕೆ ಸಹಾಯಕರ ಕೋರ್ಸು. ಇದನ್ನು ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ರೂಪಿಸಿದೆ. ಅದಕ್ಕೆ HSS/Q5101 ಎಂಬ ಕೋಡ್ ಇದೆ, ಅದು ಯಾವ ಹಂತದ ಕೋರ್ಸು ಎಂಬ ವಿವರ ಇದೆ. ದಾಖಲೆಯಲ್ಲಿ ಕೋರ್ಸು ಎಲ್ಲಿಯವರೆಗೆ ಚಾಲ್ತಿಯಲ್ಲಿರುತ್ತದೆ ಎಂಬುದನ್ನೂ ನೋಡಬೇಕು. ಅವಧಿ ಮುಗಿದ ಕೋರ್ಸಿಗೆ ಸೇರಿಸಿಕೊಳ್ಳುವವರೂ ಇರುತ್ತಾರೆ.

ಹೆಸರು, ಕೋಡ್ ಎರಡೂ ಸಿಕ್ಕರೆ ಅಲ್ಲಿಗೇ ನಿಲ್ಲಿಸಬೇಡಿ. ಸಹಿ ಹಾಕುವ ಸಂಸ್ಥೆಯ ತಾಣಕ್ಕೆ ನೀವೇ ಹೋಗಿ, ಅಲ್ಲಿರುವ ನಂಬರಿಗೆ ಫೋನ್ ಮಾಡಿ, 'ನಮ್ಮೂರಿನ ಈ ಸೆಂಟರ್ ನಿಮ್ಮದೇನಾ, ಈ ಕೋರ್ಸಿಗೆ ಒಪ್ಪಿಗೆ ಕೊಟ್ಟಿದ್ದೀರಾ' ಎಂದು ಕೇಳಿ. ಕರಪತ್ರದಲ್ಲಿರುವ ನಂಬರಿಗೆ ಮಾಡಿದರೆ ಸೆಂಟರಿನವರೇ ಎತ್ತಬಹುದು. ಒಳ್ಳೆಯ ಸಂಸ್ಥೆಯ ಹೆಸರನ್ನು ಅದರ ಒಪ್ಪಿಗೆ ಇಲ್ಲದೆ ಬಳಸುವುದು ಈ ದಂಧೆಯಲ್ಲಿ ಸುಲಭದ ದಾರಿ.

ಇಷ್ಟೆಲ್ಲ ಸರಿ ಬಂದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಮಾನ್ಯತೆ ಇರುವುದು ಯಾವ ಕೆಲಸಕ್ಕೆ? ಆರೈಕೆ ಸಹಾಯಕರ ಸರ್ಟಿಫಿಕೇಟು ನಿಜವಾದದ್ದೇ ಆದರೂ ಅದರಿಂದ ನರ್ಸ್ ಆಗಲು ಬರುವುದಿಲ್ಲ. ನರ್ಸ್ ಎಂದು ಕೆಲಸ ಮಾಡಲು ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ದಾಖಲಾಗಬೇಕು. ಅದಕ್ಕೆ ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿರಬೇಕು. ಜಿಎನ್‌ಎಂ ಒಂದೇ ಮೂರು ವರ್ಷ. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಆದರೆ ರಾಜ್ಯದ ಅರೆವೈದ್ಯಕೀಯ ಮಂಡಳಿಯ ಪಟ್ಟಿಯಲ್ಲಿ ಆ ಕಾಲೇಜು ಇದೆಯೇ ನೋಡಬೇಕು. ಒಂದು ವರ್ಷದಲ್ಲಿ ನರ್ಸ್ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ, ಮುಂದೆ ಪರಿಶೀಲನೆಯೇ ಬೇಕಾಗಿಲ್ಲ.

ಸರ್ಕಾರದ್ದೇ ಸಂಸ್ಥೆ ಆದರೆ ನೋಡಬೇಕಿಲ್ಲ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. ನೋಡಲೇಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ರಾಜ್ಯದ ಶಾಸನದಿಂದಲೇ ಹುಟ್ಟಿದ್ದು. ಆದರೂ ರಾಜ್ಯದ ಹೊರಗೆ ಖಾಸಗಿ ಸಂಸ್ಥೆಗಳ ಜೊತೆ ಸೇರಿ ನಿಯಮ ಮೀರಿ ಕೋರ್ಸು ನಡೆಸಿದ ಕಾರಣಕ್ಕೆ, 2012-13ರ ನಂತರ ಅದಕ್ಕೆ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಣೆ ಹೊರಡಿಸಿತು. ಅಷ್ಟರಲ್ಲಿ 2013-14ರಲ್ಲೂ 2014-15ರಲ್ಲೂ ಸೇರಿದವರು ಫೀಸು ಕಟ್ಟಿ ಓದುತ್ತಿದ್ದರು. ಅವರ ಅಂಕಪಟ್ಟಿಗೆ ಬೆಲೆ ಇದೆಯೋ ಇಲ್ಲವೋ ಎಂಬ ಪ್ರಶ್ನೆ ವರ್ಷಗಟ್ಟಲೆ ಎಳೆಯಿತು. 2018-19ರಿಂದ ಆ ವಿಶ್ವವಿದ್ಯಾನಿಲಯಕ್ಕೆ ಮತ್ತೆ ಮಾನ್ಯತೆ ಸಿಕ್ಕಿತು. ಹೆಸರು ಅದೇ, ಊರು ಅದೇ, ವರ್ಷ ಮಾತ್ರ ಬೇರೆ. ಹಾಗಾಗಿ 'ಈ ಸಂಸ್ಥೆಗೆ ಮಾನ್ಯತೆ ಇದೆಯಾ' ಎಂಬುದು ಅರ್ಧ ಪ್ರಶ್ನೆ. 'ಈ ಕೋರ್ಸಿಗೆ, ನಾವು ಸೇರುವ ಈ ವರ್ಷಕ್ಕೆ ಇದೆಯಾ' ಎಂಬುದು ಪೂರ್ತಿ ಪ್ರಶ್ನೆ.

ಹೆಸರನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಬೆಳಗಾವಿ ಜಿಲ್ಲೆಯ ಗೋಕಾಕದ ಉದಾಹರಣೆಯೂ ಇದೆ. ಯುಜಿಸಿಯ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಕರ್ನಾಟಕದಿಂದ ವರ್ಷಗಟ್ಟಲೆ ಇದ್ದ ಹೆಸರು ಬಡಗಣವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ ಎಜುಕೇಷನ್ ಸೊಸೈಟಿ. ಆ ಹೆಸರಿನಲ್ಲೇ 'ಸರ್ಕಾರ್' ಇದೆ, 'ಯೂನಿವರ್ಸಿಟಿ' ಇದೆ.

ನಮ್ಮ ಮಾತಿಗೆ ಎದುರು ಮಾತೂ ಇದೆ. 'ಸಣ್ಣ ನರ್ಸಿಂಗ್ ಹೋಮಿನವರು ಸರ್ಟಿಫಿಕೇಟು ಕೇಳುವುದೇ ಇಲ್ಲ, ಕೆಲಸ ಸಿಕ್ಕರೆ ಸಾಕಲ್ಲ' ಎಂದು ಕಡೂರಿನ ಒಬ್ಬ ಅಕ್ಕ ನಮಗೆ ಹೇಳಿದರು. ಅವರ ಮಗಳಿಗೆ ಹಾಗೆಯೇ ಕೆಲಸ ಸಿಕ್ಕಿದೆ. ಅದು ನಿಜ. ಆದರೆ ಸರ್ಟಿಫಿಕೇಟನ್ನೇ ಕೇಳದ ಕಡೆ ಕೆಲಸ ಸಿಗುವುದಾದರೆ ಅದಕ್ಕೆ 34 ಸಾವಿರ ಯಾಕೆ ಕೊಡಬೇಕು? ಕೇಳುವ ಕಡೆಗೆ ಹೋಗಬೇಕಾದ ದಿನ, ಅಂದರೆ ದೊಡ್ಡ ಆಸ್ಪತ್ರೆಯಲ್ಲೋ ಸರ್ಕಾರಿ ನೇಮಕಾತಿಯಲ್ಲೋ ದಾಖಲೆ ಪರಿಶೀಲನೆಯ ದಿನ, ಆ ಕಾಗದ ಕೈಕೊಡುತ್ತದೆ. ದುಡ್ಡಿನ ಜೊತೆಗೆ ಹುಡುಗಿಯ ಒಂದು ವರ್ಷವೂ ಹೋಗಿರುತ್ತದೆ.

ಈಗಾಗಲೇ ಕಟ್ಟಿ ಮೋಸ ಹೋಗಿದ್ದರೆ ರಸೀದಿ, ಕರಪತ್ರ, ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ರಸೀದಿ ಕೊಡದೆ ಫೋನ್‌ಪೇಗೆ ಹಾಕಿ ಎನ್ನುವವರಿಗೆ ದುಡ್ಡು ಹಾಕಲೇಬೇಡಿ.

ಆದರೆ ಈ ಹೊರೆಯನ್ನೆಲ್ಲ ಅಪ್ಪ ಅಮ್ಮನ ತಲೆ ಮೇಲೆ ಹಾಕುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ನಮ್ಮ ಮೂರು ತಾಲ್ಲೂಕುಗಳಲ್ಲಿ ಈ ಸೆಂಟರಿನವರು ಹೈಸ್ಕೂಲು, ಪಿಯು ಕಾಲೇಜುಗಳ ಒಳಗೇ ಬಂದು ಮಕ್ಕಳ ಫೋನ್ ನಂಬರು ಬರೆದುಕೊಂಡು ಹೋಗುತ್ತಾರೆ. ಸಹಿ ಹಾಕುವ ಸಂಸ್ಥೆಯ ಹೆಸರು ಮತ್ತು ಕೋರ್ಸಿನ ಕೋಡ್ ಬರಹದಲ್ಲಿ ಕೊಡದವರನ್ನು ಪ್ರಾಂಶುಪಾಲರು ಗೇಟಿನಲ್ಲೇ ನಿಲ್ಲಿಸಬೇಕು. ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳು ಫಲಿತಾಂಶದ ತಿಂಗಳಲ್ಲಿ ಈ ಎರಡು ತಾಣಗಳನ್ನು ತೆರೆದು ತೋರಿಸುವ ಕೆಲಸ ಮಾಡಬೇಕು. ಇದಕ್ಕೆ ಹೊಸ ಆದೇಶವೂ ಬೇಡ, ಅನುದಾನವೂ ಬೇಡ.

ಅಜ್ಜಂಪುರದ ಆ ಮನೆಯವರು ಸೋಮವಾರ ಅಡ್ವಾನ್ಸ್ ಕಟ್ಟಲಿಲ್ಲ. ಸೀಟೂ ಹೋಗಲಿಲ್ಲ. ಮಂಗಳವಾರ ಸೆಂಟರಿನವರೇ ಫೋನ್ ಮಾಡಿ, ಫೀಸಿನಲ್ಲಿ 5 ಸಾವಿರ ಬಿಡುತ್ತೇವೆ ಎಂದರಂತೆ. ಅಪ್ಪ ಮತ್ತೆ ಕೋಡ್ ಕೇಳಿದರು. ಫೋನ್ ಕಟ್ ಆಯಿತು.