ಒಂದೇ ಮೀಟರ್, ಎರಡು ಒಲೆ: ಸಮೀಕ್ಷೆಯ ಫಾರಂ ನಮ್ಮ ಮನೆಗಳಲ್ಲಿ ಎಲ್ಲಿ ತಪ್ಪಿತು?

ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಶಿಕ್ಷಕರು ಮನೆಮನೆಗೆ ಬರುವ ಹಂತ 2025ರ ಅಕ್ಟೋಬರ್ 31ಕ್ಕೆ ಮುಗಿಯಿತು. ಬಿಟ್ಟುಹೋದ ಮನೆಯವರು ಆನ್‌ಲೈನ್‌ನಲ್ಲಿ ತಾವೇ ಮಾಹಿತಿ ತುಂಬಲು ಮೊದಲು ನವೆಂಬರ್ 10ರವರೆಗೆ ಅವಕಾಶ ಕೊಡಲಾಗಿತ್ತು. ಹಾಗಾಗಿ ಆ ದಿನಗಳಲ್ಲಿ ನಮ್ಮ ಅನೇಕ ಮನೆಗಳಲ್ಲಿ ಪಿಯುಸಿಗೋ ಡಿಗ್ರಿಗೋ ಹೋಗುವ ಮಕ್ಕಳು ಮೊಬೈಲ್ ಹಿಡಿದು ಕೂತಿದ್ದರು. ಪ್ರಶ್ನೆಗಳು 60. ಉಮ್ಮ ಅಡುಗೆ ಕೋಣೆಯಿಂದ ಉತ್ತರ ಹೇಳುತ್ತಿದ್ದರು, ಮಗಳು ಒತ್ತುತ್ತಿದ್ದಳು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು ಎಂದುಕೊಳ್ಳುತ್ತಿದ್ದರು.

ಮುಗಿದಿರುತ್ತಿರಲಿಲ್ಲ. ಧರ್ಮ, ಜಾತಿ, ಉಪಜಾತಿಯ ಕಾಲಂಗಳಲ್ಲಿ ಏನು ಬರೆಸಬೇಕು ಎಂಬ ಚರ್ಚೆ ಎರಡು ತಿಂಗಳಿಂದ ಮಸೀದಿ ಅಂಗಳದಲ್ಲೂ ವಾಟ್ಸಾಪ್‌ನಲ್ಲೂ ಬೇಕಾದಷ್ಟು ಆಗಿತ್ತು. ಉಳಿದ ಕಾಲಂಗಳ ಬಗ್ಗೆ ಮಾತಾಡಿದವರು ಕಡಿಮೆ. ಆದರೆ ಸಮುದಾಯ ಹಿಂದುಳಿದಿದೆಯೋ ಇಲ್ಲವೋ ಎಂದು ಆಯೋಗ ತೂಗಿ ನೋಡುವುದು ಮನೆಯಲ್ಲಿ ಯಾರಿದ್ದಾರೆ, ಏನು ಕೆಲಸ ಮಾಡುತ್ತಾರೆ, ಏನು ಓದಿದ್ದಾರೆ, ಏನು ಆಸ್ತಿ ಇದೆ, ಎಷ್ಟು ಸಾಲ ಇದೆ ಎಂಬ ಉತ್ತರಗಳಿಂದಲೇ. ಹಿಂದುಳಿದ ವರ್ಗಗಳ ಪಟ್ಟಿಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಎಂದು 1995ರ ಆಯೋಗದ ಕಾಯ್ದೆ ಹೇಳುತ್ತದೆ. 2015ರ ಸಮೀಕ್ಷೆಯನ್ನು ಬದಿಗಿಟ್ಟು ಹೊಸದಾಗಿ ಲೆಕ್ಕ ಹಾಕಲು ಸರ್ಕಾರ ಕೊಟ್ಟ ಕಾರಣವೂ ಅದೇ. ಆಗ ಕೊಟ್ಟ ಉತ್ತರವೇ ಮುಂದಿನ ಹಲವು ವರ್ಷ ನಮ್ಮ ಲೆಕ್ಕವಾಗಿ ನಿಲ್ಲುತ್ತದೆ.

ಬಂಟ್ವಾಳ ತಾಲೂಕಿನ ಒಂದು ಮನೆಯ ಫಾರಂ ತುಂಬುವಾಗ ನಾವು ಜೊತೆಗೆ ಕೂತಿದ್ದೆವು. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವಂಥ ಮನೆಯೇ. ಹತ್ತು ಸೆಂಟ್ಸ್ ಜಾಗ, ಅದರಲ್ಲಿ ಮಹಡಿ ಮನೆ. ಕೆಳಗೆ ಉಪ್ಪ, ಉಮ್ಮ, ಪಿಯುಸಿ ಓದುವ ಕಿರಿಯ ಮಗಳು, ಜುಬೈಲ್‌ನಲ್ಲಿರುವ ಎರಡನೇ ಮಗನ ಹೆಂಡತಿ ಮತ್ತು ಮಗು. ಮೇಲೆ ಆಟೋ ಓಡಿಸುವ ಹಿರಿಯ ಮಗ, ಅವನ ಹೆಂಡತಿ, ಇಬ್ಬರು ಮಕ್ಕಳು. ಅವರ ಒಲೆ ಬೇರೆ. ಕರೆಂಟ್ ಮೀಟರ್ ಮಾತ್ರ ಒಂದೇ. ಗೋಡೆಗೆ ಅಂಟಿಸಿದ ಸ್ಟಿಕ್ಕರ್ ಕೂಡ ಒಂದೇ. ರೇಷನ್ ಕಾರ್ಡಿನಲ್ಲಿ ಹಿರಿಯ ಮಗನ ಹೆಸರು ಇನ್ನೂ ಉಮ್ಮನ ಕಾರ್ಡಿನಲ್ಲೇ ಇದೆ. ಮದುವೆಯಾಗಿ ವಿಟ್ಲಕ್ಕೆ ಹೋದ ಮಗಳ ಹೆಸರೂ ಅದರಲ್ಲಿದೆ.

ಮೊದಲ ಎಡವಟ್ಟು ಆಗಿದ್ದು ಇಲ್ಲೇ. ಕಿರಿಯ ಮಗಳು ರೇಷನ್ ಕಾರ್ಡ್ ಎದುರಿಗಿಟ್ಟುಕೊಂಡು ಅದರಲ್ಲಿದ್ದ ಹೆಸರುಗಳನ್ನೆಲ್ಲ ಸಾಲಾಗಿ ಸೇರಿಸಿದಳು. ರೇಷನ್ ಕಾರ್ಡ್ ಹೇಳುವುದು ಅಕ್ಕಿ ಯಾರ ಲೆಕ್ಕದಲ್ಲಿ ಬರುತ್ತದೆ ಎಂದು. ಸಮೀಕ್ಷೆಯಲ್ಲಿ ಕುಟುಂಬ ಅಂದರೆ ಒಂದೇ ಅಡುಗೆಯಲ್ಲಿ ಊಟ ಮಾಡಿ ಒಟ್ಟಿಗೆ ಇರುವವರು. ವಿಟ್ಲದ ಮಗಳನ್ನು ಗಂಡನ ಮನೆಯವರು ಆಗಲೇ ಬರೆಸಿಯಾಗಿತ್ತು. ಬಾಣಂತನಕ್ಕೆ ತವರಿಗೆ ಬಂದು ನಾಲ್ಕು ತಿಂಗಳು ಇದ್ದರೂ ಅವಳು ಈ ಫಾರಂನಲ್ಲಿ ಬರುವುದಿಲ್ಲ. ಒಂದೇ ಆಧಾರ್ ಎರಡು ಕಡೆ ಕಂಡರೆ ಸಂಶಯ ಬರುವುದು ಎರಡೂ ಮನೆಯ ಲೆಕ್ಕದ ಮೇಲೆ.

ಮಹಡಿಯ ಸಂಗತಿ ಇದಕ್ಕಿಂತ ಸೂಕ್ಷ್ಮ. ಸ್ಟಿಕ್ಕರ್ ಇರುವುದು ಮೀಟರಿಗೆ, ಒಲೆಗಲ್ಲ. ಮೇಲಿನವರನ್ನು ಬೇರೆ ಕುಟುಂಬವೆಂದೇ ತುಂಬಿಸಬೇಕು. ಹಾಗೆ ಮಾಡದೆ ಒಟ್ಟಿಗೆ ಸೇರಿಸಿದರೆ ಕಾಗದದ ಮೇಲೆ ಹತ್ತು ಜನರ, ಮೂರು ಸಂಪಾದನೆಯ, ಮಹಡಿ ಮನೆಯ ಒಂದು ಗಟ್ಟಿ ಕುಟುಂಬ ಎದ್ದು ನಿಲ್ಲುತ್ತದೆ. ವಾಸ್ತವದಲ್ಲಿ ಅಲ್ಲಿರುವುದು ಕಷ್ಟದಲ್ಲಿ ದಿನ ದೂಡುವ ಎರಡು ಮನೆ.

ಬೇರೆ ಮಾಡಿದ ಮೇಲೆ ಇನ್ನೊಂದು ತಪ್ಪು ಹುಟ್ಟಿತು. ಹಿರಿಯ ಮಗ ತನ್ನ ಫಾರಂನಲ್ಲಿ ಸ್ವಂತ ಮನೆ, ಹತ್ತು ಸೆಂಟ್ಸ್ ಎಂದು ಒತ್ತಿದ. ಕೆಳಗಿನ ಫಾರಂನಲ್ಲೂ ಅದೇ ಹತ್ತು ಸೆಂಟ್ಸ್. ಒಂದೇ ಜಾಗ ಎರಡಾಯಿತು! ದಾಖಲೆ ಇರುವುದು ಉಮ್ಮನ ಹೆಸರಲ್ಲಿ, ಪಾಲಾಗಿಲ್ಲ. ಜಾಗ ಉಮ್ಮನ ಫಾರಂನಲ್ಲಿ ಮಾತ್ರ ಬರಬೇಕು. ಮಗನ ಫಾರಂನಲ್ಲಿ ಜಾಗ ಇಲ್ಲ; ಮನೆಯ ಪ್ರಶ್ನೆಗೆ ಅವನು ಇರುವುದು ಸ್ವಂತದ್ದರಲ್ಲಿ ಅಲ್ಲ, ಬಾಡಿಗೆಯದ್ದರಲ್ಲೂ ಅಲ್ಲ, ಮನೆಯವರದ್ದರಲ್ಲಿ ಎಂಬುದಕ್ಕೆ ಹತ್ತಿರದ ಉತ್ತರ ಆರಿಸಬೇಕು. "ಅಲ್ಲ, ನಾಳೆ ನನ್ನ ಪಾಲಿಗೆ ತೊಂದರೆ ಆದರೆ?" ಎಂದು ಅವನು ಕೇಳಿದ. ಸಮೀಕ್ಷೆಯ ಉತ್ತರ ಪಹಣಿಯಲ್ಲ, ಅದರಿಂದ ಹಕ್ಕು ಬರುವುದೂ ಇಲ್ಲ, ಹೋಗುವುದೂ ಇಲ್ಲ.

ಆಟೋದ ವಿಷಯದಲ್ಲೂ ಹೀಗೇ. ಉದ್ಯೋಗದಲ್ಲಿ ಆಟೋ ಚಾಲಕ ಎಂದಿತ್ತು, ಚರಾಸ್ತಿಯಲ್ಲಿ ಆಟೋ ಇರಲಿಲ್ಲ, ಸಾಲ ಇಲ್ಲ ಎಂದಿತ್ತು. ಕೇಳಿದರೆ ಆಟೋ ಸ್ವಂತದ್ದು, ಸೊಸೈಟಿಯಲ್ಲಿ ಸಾಲ ಇದೆ, ಕಂತು ಇನ್ನೂ ಎರಡು ವರ್ಷ ಬಾಕಿ. ಸಾಲ ತೀರುವ ತನಕ ಆಟೋ ತನ್ನದಲ್ಲ ಎಂದು ಅವನ ಲೆಕ್ಕ. ಮನಸ್ಸಿಗೆ ಹಾಗೆ ಅನಿಸಿರಬಹುದು. ಫಾರಂನಲ್ಲಿ ಮಾತ್ರ ಮೂರೂ ಒಟ್ಟಿಗೆ ಬರಬೇಕು: ಸ್ವಂತ ಆಟೋ ಓಡಿಸುವವನು, ಆಸ್ತಿಯಲ್ಲಿ ಆಟೋ, ಸಾಲದ ಕಾಲಂನಲ್ಲಿ ಸೊಸೈಟಿ ಸಾಲ. ಬಾಡಿಗೆ ಆಟೋ ಆಗಿದ್ದರೆ ಆಸ್ತಿಯಲ್ಲಿ ಅದು ಬರುವುದೇ ಇಲ್ಲ. ಆಸ್ತಿ ಬರೆಸಿ ಸಾಲ ಮರೆತರೆ ನಾವು ಇರುವುದಕ್ಕಿಂತ ಅನುಕೂಲಸ್ಥರಾಗಿ ಕಾಣುತ್ತೇವೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಮರೆಯುವುದು ಅಡವಿಟ್ಟ ಚಿನ್ನದ ಸಾಲವನ್ನೇ, ಯಾಕೆಂದರೆ ಅದನ್ನು ನಾವು ಸಾಲ ಎಂದು ಕರೆಯುವುದೇ ಇಲ್ಲ.

ನಮಗೆ ಅತಿ ದೊಡ್ಡ ನಷ್ಟ ಕಂಡಿದ್ದು ಉಮ್ಮನ ಉದ್ಯೋಗದಲ್ಲಿ. ಮಗಳು ಕೇಳದೆಯೇ "ಗೃಹಿಣಿ" ಒತ್ತಿದ್ದಳು. ಆದಾಯ ಸೊನ್ನೆ. ಉಮ್ಮ ಅದೇ ಹೊತ್ತಿಗೆ ಸೂಪು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಮೂವತ್ತು ವರ್ಷದಿಂದ ಕಟ್ಟುತ್ತಿದ್ದಾರೆ. ಪಾಸ್ ಪುಸ್ತಕ ಇದೆ, ಪಿಎಫ್ ಇದೆ. ದಿನಕ್ಕೆ ಐನೂರು ಬೀಡಿ, ತಿಂಗಳಿಗೆ 24 ದಿನ ಅಂದರೆ ಹನ್ನೆರಡು ಸಾವಿರ. ಸಾವಿರಕ್ಕೆ 280 ರೂಪಾಯಿ ಹಿಡಿದರೆ ತಿಂಗಳಿಗೆ 3,360, ವರ್ಷಕ್ಕೆ 40,320. ಎಲೆ ಸರಿಯಿಲ್ಲದೆ ಬ್ರಾಂಚಿನಲ್ಲಿ ಕಡಿತವಾಗುವುದು, ಕೆಲಸ ಇಲ್ಲದ ವಾರಗಳು ಎಲ್ಲ ಕಳೆದು ಉಮ್ಮ ಹೇಳಿದ್ದು ವರ್ಷಕ್ಕೆ ಮೂವತ್ತೈದು ಸಾವಿರ. ಬರೆಸಬೇಕಾದ್ದು ಅದನ್ನೇ.

ಇದು ಸಣ್ಣ ಮೊತ್ತ ಎಂದು ಬಿಡುವವರಿದ್ದಾರೆ. ಸೊನ್ನೆ ಆದಾಯ ತೋರಿಸಿದರೆ ಒಳ್ಳೆಯದೇ ಅಲ್ಲವೇ ಎಂದೂ ಒಬ್ಬರು ಕೇಳಿದರು. ಒಳ್ಳೆಯದಲ್ಲ. ಬೀಡಿ ಕಟ್ಟುವ ಸಾವಿರಾರು ಹೆಂಗಸರು ಗೃಹಿಣಿಯರಾಗಿಬಿಟ್ಟರೆ ಅವರು ದುಡಿಯುತ್ತಾರೆ ಎಂಬುದೂ ದಾಖಲಾಗುವುದಿಲ್ಲ, ದಿನವಿಡೀ ದುಡಿದು ಇಷ್ಟೇ ಸಿಗುತ್ತದೆ ಎಂಬುದೂ ದಾಖಲಾಗುವುದಿಲ್ಲ. ಹಿಂದುಳಿದಿರುವಿಕೆಗೆ ಇದಕ್ಕಿಂತ ಗಟ್ಟಿ ಸಾಕ್ಷಿ ನಮ್ಮಲ್ಲಿ ಬೇರೆ ಯಾವುದಿದೆ? ಕುತ್ತಿಗೆ, ಸೊಂಟ ನೋವು, ಕೆಮ್ಮು ಎಲ್ಲ ಇದ್ದೂ ಕಾಗದದಲ್ಲಿ ಆ ಕೆಲಸವೇ ಇಲ್ಲ ಎಂದಾಗುತ್ತದೆ. ಅತ್ತೆಯ ಜೊತೆ ಕೂತು ಕಟ್ಟುವ ಸೊಸೆಯದ್ದೂ ಇದೇ ಕತೆ. ಪಾಸ್ ಪುಸ್ತಕ ಅತ್ತೆಯ ಹೆಸರಲ್ಲಿದ್ದರೆ ಇಬ್ಬರ ಬೀಡಿಯೂ ಅದರಲ್ಲೇ ಬೀಳುತ್ತದೆ. ಹಾಗಿದ್ದಾಗ ಮೊತ್ತವನ್ನು ಇಬ್ಬರಿಗೂ ಪೂರ್ತಿ ಬರೆಯದೆ ಹಂಚಿ ಬರೆಯಬೇಕು.

ಗಲ್ಫಿನ ಮಗನದ್ದು ಬೇರೆಯೇ ತಲೆನೋವು. ಮೊದಲು ಅವನನ್ನು ಬಿಟ್ಟೇ ಬಿಟ್ಟಿದ್ದರು. ಸೊಸೆಯ ಹೆಸರಿನ ಎದುರು ವರ್ಷಕ್ಕೆ ಮೂರು ಲಕ್ಷ ಆದಾಯ ಬರೆದಿದ್ದರು, ತಿಂಗಳಿಗೆ ಅವಳ ಖಾತೆಗೆ 25 ಸಾವಿರ ಬರುತ್ತದಲ್ಲ! ಆಮೇಲೆ ಅವನನ್ನೂ ಸೇರಿಸಿ ಅವನ ಎದುರು ಸಂಬಳ ಬರೆದರು. ಈಗ ಒಂದೇ ಹಣ ಎರಡು ಸಲ. ಅವನನ್ನು ಸದಸ್ಯ ಎಂದು ಬರೆಸಿದರೆ ಆದಾಯ ಅವನ ಎದುರಿಗೆ ಮಾತ್ರ, ಅದೂ ಊರಿಗೆ ಕಳಿಸಿದ್ದಲ್ಲ, ದುಡಿದದ್ದು. ಸೊಸೆಗೆ ಅವಳ ಸ್ವಂತ ದುಡಿಮೆ ಎಷ್ಟೋ ಅಷ್ಟೇ. ಊರಿಗೆ ಎರಡು ವರ್ಷಕ್ಕೊಮ್ಮೆ ಬರುವ, ಹೆಂಡತಿ ಮಕ್ಕಳು ಇಲ್ಲೇ ಇರುವ ಮಗನನ್ನು ಈ ಮನೆಯ ಸದಸ್ಯ ಎಂದೇ ಬರೆಸುವುದು ಸರಿ ಎಂಬುದು ನಮ್ಮ ಅಭಿಪ್ರಾಯ. ಕುಟುಂಬ ಸಮೇತ ಅಲ್ಲೇ ನೆಲೆಸಿದವರ ವಿಷಯ ಬೇರೆ. ಅಂಥವರಿದ್ದರೆ ಆಯೋಗದ ಸಹಾಯವಾಣಿಗೆ ಕೇಳಿಯೇ ತುಂಬಬೇಕಿತ್ತು.

ಹೆಸರು, ಪ್ರಾಯದ ಗೋಜಲು ಯಾವ ಮನೆಯಲ್ಲೂ ತಪ್ಪಿದ್ದಲ್ಲ. ಉಮ್ಮನ ಹೆಸರು ಆಧಾರ್‌ನಲ್ಲಿ ಬೀಫಾತಿಮ, ರೇಷನ್ ಕಾರ್ಡಿನಲ್ಲಿ ಬೀಪಾತುಮ್ಮ, ಮಕ್ಕಳ ಶಾಲಾ ದಾಖಲೆಯಲ್ಲಿ ಬರೀ ಫಾತಿಮ. ಆಧಾರ್‌ನಲ್ಲಿದ್ದಂತೆ ಬರೆದು, ಮಕ್ಕಳ ತಾಯಿಯ ಹೆಸರಿನ ಕಾಲಂನಲ್ಲೂ ಅದನ್ನೇ ಹಾಕಿದರಾಯಿತು. ಪ್ರಾಯ ಮಾತ್ರ ಕಾಡಿತು. ಆಧಾರ್‌ನಲ್ಲಿ ಅವರ ಜನ್ಮ ದಿನಾಂಕ 1970ರ ಜನವರಿ 1. ಹಿರಿಯ ಮಗ ಹುಟ್ಟಿದ್ದು 1983. ಮದುವೆಯಾದಾಗಿನ ಪ್ರಾಯ 18 ಎಂದು ಮಗಳು ಅಂದಾಜಿನಲ್ಲಿ ಬರೆದಿದ್ದಳು. ಲೆಕ್ಕ ಹಾಕಿ ನೋಡಿ: ಮದುವೆ 1988ರಲ್ಲಿ, ಮಗ ಅದಕ್ಕೆ ಐದು ವರ್ಷ ಮೊದಲು! ಹಳಬರ ಆಧಾರ್‌ನಲ್ಲಿ ಜನವರಿ 1 ಕಂಡರೆ ಅದು ಹೆಚ್ಚಾಗಿ ಅಂದಾಜಿನ ದಿನ. ಮದುವೆಯ ಪ್ರಾಯವನ್ನು ಅದಕ್ಕೆ ಹೊಂದಿಸಲು ಹೋಗದೆ ಉಮ್ಮನನ್ನೇ ಕೇಳಿ ನಿಜ ಬರೆಯಿರಿ. ಆಧಾರ್ ಸರಿ ಮಾಡುವುದು ಬೇರೆ ಕೆಲಸ. ಜನ್ಮ ದಿನಾಂಕವನ್ನು ಸಾಮಾನ್ಯವಾಗಿ ಒಂದೇ ಸಲ ತಿದ್ದಲು ಬಿಡುತ್ತಾರೆ, ಅವಸರದಲ್ಲಿ ಅದನ್ನು ಮುಗಿಸಿಕೊಳ್ಳಬೇಡಿ.

ಮಾತೃಭಾಷೆಯನ್ನು ಒಬ್ಬೊಬ್ಬರದ್ದಾಗಿ ನೋಡಬೇಕು. ಈ ಮನೆಯಲ್ಲಿ ಉಪ್ಪ, ಉಮ್ಮನಿಗೆ ಬ್ಯಾರಿ ಎಂದಿತ್ತು, ಮಗಳು ತನಗೆ ಕನ್ನಡ ಎಂದು ಹಾಕಿಕೊಂಡಿದ್ದಳು, ಮಗುವಿಗೆ ಉರ್ದು ಎಂದು ಒತ್ತಿಬಿಟ್ಟಿದ್ದಳು. ಉರ್ದು ಮಾತಾಡುವವರು ಆ ಮನೆಯಲ್ಲಿ ಒಬ್ಬರೂ ಇಲ್ಲ. ಕಾಸರಗೋಡಿನಿಂದ ಬಂದ ಸೊಸೆಗೆ ಮಲಯಾಳ ಎಂದು ಇದ್ದದ್ದು ಮಾತ್ರ ಸರಿಯೇ. ಕುಲಕಸುಬಿನ ಪ್ರಶ್ನೆಗೂ ಹೀಗೆಯೇ ಅಪ್ಪನಿಗೆ ವ್ಯಾಪಾರ, ಮಗನಿಗೆ ಏನೂ ಇಲ್ಲ ಎಂದಿತ್ತು. ಕುಲಕಸುಬು ಅಪ್ಪ ಮಗನಿಗೆ ಬೇರೆ ಆಗುವುದು ಹೇಗೆ? ಈಗ ಮಾಡುತ್ತಿಲ್ಲ ಎನ್ನಲು ಅದರ ನಂತರದ ಪ್ರಶ್ನೆ ಇದೆ.

ಬಿಪಿಎಲ್ ಕಾರ್ಡ್ ಹೋಗಬಹುದು ಎಂಬ ಹೆದರಿಕೆಯೂ ಈ ಅಡ್ಡಾದಿಡ್ಡಿ ಉತ್ತರಗಳ ಹಿಂದೆ ಇದೆ. ಹೈಕೋರ್ಟ್ 2025ರ ಸೆಪ್ಟೆಂಬರ್ 25ರಂದು ಸಮೀಕ್ಷೆಗೆ ತಡೆ ಕೊಡಲು ನಿರಾಕರಿಸಿತು. ಜೊತೆಗೆ, ಸಂಗ್ರಹಿಸಿದ ಮಾಹಿತಿಯನ್ನು ಯಾರಿಗೂ ಬಹಿರಂಗಪಡಿಸಬಾರದು, ಯಾರನ್ನೂ ಬಲವಂತಪಡಿಸಬಾರದು ಎಂದಿತು. ಅಂದರೆ ಹೇಳಲು ಇಷ್ಟವಿಲ್ಲದ ಪ್ರಶ್ನೆಗೆ ಹೇಳುವುದಿಲ್ಲ ಎನ್ನಲು ನಮಗೆ ಅವಕಾಶವಿತ್ತು. ಸುಳ್ಳು ಉತ್ತರ ಕೊಡುವ ಅಗತ್ಯವೇ ಇರಲಿಲ್ಲ.

ಆ ಮನೆಯ ಫಾರಂ ಆ ರಾತ್ರಿ ಸಲ್ಲಿಕೆ ಆಗಲಿಲ್ಲ. ಜುಬೈಲ್‌ನವನ ಆಧಾರ್‌ನ ಒಟಿಪಿ ಊರಿನ ಸಿಮ್ಮಿಗೆ ಹೋಗುತ್ತದೆ, ಆ ಸಿಮ್ ಅವನು ಅಲ್ಲಿಗೆ ಕೊಂಡುಹೋದ ಫೋನಿನಲ್ಲಿದೆ, ಅವನಿಗೆ ಡ್ಯೂಟಿ. ಶುಕ್ರವಾರ ಜುಮಾ ಮುಗಿದ ಮೇಲೆ ಅವನು ರೂಮಿಗೆ ಬಂದು ಫೋನ್ ಹಚ್ಚಿದ. ಅಷ್ಟರೊಳಗೆ ಮಗಳು ಎಲ್ಲರ ಹೆಸರು, ಪ್ರಾಯ, ಕೆಲಸ, ವರ್ಷದ ಆದಾಯ, ಯಾವ ಆಸ್ತಿ ಯಾರ ಹೆಸರಲ್ಲಿ, ಯಾವ ಸಾಲ ಎಲ್ಲಿಯದ್ದು ಎಂದು ನೋಟ್‌ಪುಸ್ತಕದ ಎರಡು ಪುಟದಲ್ಲಿ ಬರೆದು ಇಟ್ಟಿದ್ದಳು, ಕೆಳಗಿನವರದ್ದು ಒಂದು ಪುಟ, ಮೇಲಿನವರದ್ದು ಇನ್ನೊಂದು. ಅದನ್ನು ನೋಡಿ ಎರಡೂ ಫಾರಂ ತುಂಬಲು ಮುಕ್ಕಾಲು ಗಂಟೆ ಸಾಕಾಯಿತು.