ಬೆಲ್ಟ್ ಹಿಡಿಯುತ್ತದೆ, ಆಮೇಲೆ?

ಒಂದು ಭಾನುವಾರ ಮಣಿಪಾಲದಿಂದ ಕಾಪು ಬೀಚ್‌ಗೆ ಹೊರಟಿದ್ದೆವು. ಹೆದ್ದಾರಿ ಬಿಟ್ಟು ಒಳದಾರಿಗೆ ತಿರುಗಿದ ಮೇಲೆ ಒಂದು ಮೊಬೈಲ್ ಟವರ್‌ನ ತುದಿಯಲ್ಲಿ ಇಬ್ಬರು ಆಂಟೆನಾ ಬದಲಿಸುತ್ತಿದ್ದದ್ದು ಕಾಣಿಸಿತು. ಇಸಿ ಬ್ರಾಂಚಿನವರಲ್ವಾ, ಬೈಕ್ ನಿಲ್ಲಿಸಿ ನೋಡುತ್ತಾ ನಿಂತೆವು. ಕೆಳಗೆ ಹಗ್ಗ ಹಿಡಿದಿದ್ದ ಅಣ್ಣನ ಹತ್ತಿರ ಮಾತಿಗೂ ಇಳಿದೆವು. ಮೇಲಿದ್ದ ಇಬ್ಬರೂ ಪೂರ್ತಿ ಹಾರ್ನೆಸ್ ಹಾಕಿದ್ದರು, ಹೆಲ್ಮೆಟ್ ಇತ್ತು, ಎರಡು ಕೊಕ್ಕೆಯ ಲ್ಯಾನ್ಯಾರ್ಡ್ ಇತ್ತು.

"ಅಣ್ಣಾ, ಬಿದ್ರೆ ಎಂತ ಆಗ್ತದೆ?" ಅಂತ ಕೇಳಿದೆವು.

"ಬೀಳುದಿಲ್ಲ ಮಾರಾಯ್ರೆ, ಬೆಲ್ಟ್ ಹಿಡೀತದಲ್ಲ."

"ಹಿಡಿದ ಮೇಲೆ? ಅಲ್ಲೇ ನೇತಾಡ್ತಾ ಇದ್ರೆ?"

ಅವರು ಸ್ವಲ್ಪ ಹೊತ್ತು ಮೇಲೆ ನೋಡಿದರು. "ಫೈರಿನವರಿಗೆ ಫೋನ್ ಮಾಡುದು, ಮತ್ತೆಂತ ಮಾಡುದು?"

ಆ ಉತ್ತರ ತಪ್ಪು ಅನ್ನೋದು ನಮ್ಮ ವಾದ. ಹಾಗಂತ ತಪ್ಪು ಆ ಅಣ್ಣನದ್ದಲ್ಲ. ಅವರನ್ನು ಅಲ್ಲಿ ನಿಲ್ಲಿಸಿದವರು ಈ ಪ್ರಶ್ನೆಯನ್ನು ಕೇಳಿಯೇ ಇರಲಿಲ್ಲ. ನಾಳೆ ಹಾಗೆ ನಿಲ್ಲಿಸುವವರು ನಾವೇ ಆಗಬಹುದು ಅನ್ನೋದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ದೇಹದ ವಿಷಯ. ಹಾರ್ನೆಸ್‌ನಲ್ಲಿ ಅಲುಗಾಡದೆ ನೇತಾಡುವವನ ಕಾಲಿನಲ್ಲಿ ರಕ್ತ ನಿಂತುಬಿಡುತ್ತದೆ. ನಾವು ನಡೆಯುವಾಗ ಕಾಲಿನ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಮೇಲೆ ಕಳಿಸುತ್ತಿರುತ್ತವೆ. ನೇತಾಡುವಾಗ ಆ ಪಂಪು ನಿಂತಿರುತ್ತದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗಿ ತಲೆ ಸುತ್ತು, ಬೆವರು, ವಾಕರಿಕೆ, ಆಮೇಲೆ ಪ್ರಜ್ಞೆ ತಪ್ಪುವುದು. ನೆಲದ ಮೇಲೆ ತಲೆ ಸುತ್ತಿದವನು ಬಿದ್ದು ಅಡ್ಡ ಆಗುತ್ತಾನೆ, ರಕ್ತ ತಲೆಗೆ ಹೋಗಿ ಎಚ್ಚರ ಆಗುತ್ತದೆ. ಹಾರ್ನೆಸ್ ಅವನನ್ನು ಅಡ್ಡ ಆಗಲು ಬಿಡುವುದಿಲ್ಲ. ಪ್ರಯೋಗಗಳಲ್ಲಿ ಆರೋಗ್ಯವಂತರೇ ಕೆಲವರು ಕೆಲವೇ ನಿಮಿಷಗಳಲ್ಲಿ ಅಸ್ವಸ್ಥರಾಗಿದ್ದಾರೆ. ಎಚ್ಚರ ಇರುವವನು ಹಾರ್ನೆಸ್‌ಗೆ ಸಿಕ್ಕಿಸಿದ ಪಟ್ಟಿಯ ಕುಣಿಕೆಯಲ್ಲಿ ಕಾಲಿಟ್ಟು ಒತ್ತುತ್ತಾ ಸಮಯ ಗಳಿಸಬಹುದು. ಎಚ್ಚರ ಇಲ್ಲದವನಿಗೆ ಅದೂ ಇಲ್ಲ.

ಈಗ ದೂರದ ವಿಷಯ. ಉಡುಪಿಯಿಂದ ಕಾಪುವಿಗೆ ಸುಮಾರು 13 ಕಿಲೋಮೀಟರ್. ಗಾಡಿ ಕೂಡಲೇ ಹೊರಟಿತು, ಒಳದಾರಿಯೂ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಬಂದವರು ಆ ಟವರನ್ನು ಹತ್ತಿಯೇ ಕೆಲಸ ಶುರು ಮಾಡಬೇಕು. ಕಾಪು ದೀಪಸ್ತಂಭ ಎಲ್ಲರೂ ನೋಡಿದ್ದೀರಿ, ಅದರ ಎತ್ತರ ಸುಮಾರು 27 ಮೀಟರ್. 40 ಮೀಟರಿನ ಟವರ್ ಅಂದರೆ ಅದರ ಒಂದೂವರೆ ಪಟ್ಟು. ಫೋನ್ ಖಂಡಿತ ಮಾಡಬೇಕು, ಆಂಬುಲೆನ್ಸ್ ಬೇಕೇ ಬೇಕು. ಆದರೆ ನೇತಾಡುವವನನ್ನು ಇಳಿಸುವ ಕೆಲಸ ಆಗಲೇ ಅಲ್ಲಿ ಇರುವವರದ್ದೇ.

ಅದು ಹೇಗೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. 40 ಮೀಟರ್ ಎತ್ತರದ, ಕಬ್ಬಿಣದ ಆಂಗಲ್‌ಗಳನ್ನು ಜೋಡಿಸಿ ಕಟ್ಟಿದ, ನಾಲ್ಕು ಕಾಲಿನ ಟವರ್. 36 ಮೀಟರಿನಲ್ಲಿ ಇಬ್ಬರು ರಿಗ್ಗರ್‌ಗಳು, ಕೆಳಗೆ ಒಬ್ಬರು. ಒಬ್ಬನ ಕಾಲು ಜಾರಿತು, ಲ್ಯಾನ್ಯಾರ್ಡ್ ಹಿಡಿಯಿತು, ತಲೆ ತಾಗಿ ಪ್ರಜ್ಞೆ ಇಲ್ಲ. ಉಪಕರಣ ಸೇರಿ ತೂಕ 90 ಕಿಲೋ.

ಮೇಲಿರುವ ಇನ್ನೊಬ್ಬನಿಗೆ ಬರುವ ಮೊದಲ ಸಮಸ್ಯೆ ವಿಚಿತ್ರವಾದದ್ದು: ಇಳಿಸಬೇಕಾದರೆ ಮೊದಲು ಎತ್ತಬೇಕು. ಲ್ಯಾನ್ಯಾರ್ಡ್‌ನ ಕೊಕ್ಕೆಯ ಮೇಲೆ 90 ಕಿಲೋ ಇರುವಾಗ ಅದನ್ನು ಬಿಡಿಸಲು ಆಗುವುದಿಲ್ಲ. ಸುಮಾರು 30 ಸೆಂಟಿಮೀಟರ್ ಎತ್ತಿದರೆ ಸಾಕು, ಆದರೆ ಬರಿಗೈಯಲ್ಲಿ 90 ಕಿಲೋ ಯಾರೂ ಎತ್ತಲಾರರು. ಇಲ್ಲಿ ನಮ್ಮ ಮೊದಲ ವರ್ಷದ ಮೆಕ್ಯಾನಿಕ್ಸ್ ಬರುತ್ತದೆ. 4:1 ಪುಲ್ಲಿ ಸೆಟ್ ಇದ್ದರೆ ಎಳೆಯಬೇಕಾದದ್ದು 90/4, ಅಂದರೆ 22.5 ಕಿಲೋ. ಘರ್ಷಣೆ ಸೇರಿಸಿ 30 ಅಥವಾ ಇನ್ನೂ ಸ್ವಲ್ಪ ಜಾಸ್ತಿ ಅನ್ನಿ, ಒಬ್ಬನಿಗೆ ಸಾಧ್ಯ. 30 ಸೆಂಟಿಮೀಟರ್ ಎತ್ತಲು 1.2 ಮೀಟರ್ ಹಗ್ಗ ಎಳೆದರೆ ಆಯಿತು.

ಹಾಗಾದರೆ ಅದೇ ಪುಲ್ಲಿಯಲ್ಲಿ ಕೆಳಗಿನವರೆಗೂ ಇಳಿಸಬಾರದಾ? ನಾವೂ ಮೊದಲು ಹಾಗೇ ಅಂದುಕೊಂಡಿದ್ದೆವು. 4:1 ಸೆಟ್ಟಿನಲ್ಲಿ ಮೇಲಿನ ಪುಲ್ಲಿಗೂ ಕೆಳಗಿನ ಪುಲ್ಲಿಗೂ ನಡುವೆ ಹಗ್ಗದ ನಾಲ್ಕು ಎಳೆ ಇರುತ್ತವೆ. 36 ಮೀಟರ್ ಇಳಿಸಬೇಕಾದರೆ 144 ಮೀಟರ್ ಹಗ್ಗ ಬೇಕು, ಅಷ್ಟನ್ನು ಹೊತ್ತು ಯಾರೂ ಹತ್ತುವುದಿಲ್ಲ. ಆದ್ದರಿಂದ ಕೆಲಸವನ್ನು ಎರಡು ಭಾಗ ಮಾಡುತ್ತಾರೆ. ಚೀಲದಲ್ಲಿ ಒಂದು ಗಿಡ್ಡ 4:1 ಸೆಟ್, ಜೊತೆಗೆ 50 ಮೀಟರಿನ ಒಂದೇ ಎಳೆಯ ಹಗ್ಗ ಮತ್ತು ಅದನ್ನು ಹಿಡಿದು ನಿಧಾನವಾಗಿ ಬಿಡುವ ಡಿಸೆಂಡರ್.

ನೇತಾಡುವವನಿಗಿಂತ ಮೇಲೆ, ಟವರ್‌ನ ಗಟ್ಟಿ ಕಾಲಿಗೆ ಸ್ಲಿಂಗ್ ಸುತ್ತಿ ಡಿಸೆಂಡರ್ ಕಟ್ಟಬೇಕು. ಉದ್ದ ಹಗ್ಗದ ತುದಿಯನ್ನು ಅವನ ಹಾರ್ನೆಸ್ಸಿನ ಡಿ-ರಿಂಗಿಗೆ ಸಿಕ್ಕಿಸಬೇಕು. ಅದೇ ಹಗ್ಗಕ್ಕೆ ಕಚ್ಚಿಕೊಳ್ಳುವ ಕ್ಲಾಂಪ್ ಹಾಕಿ, ಗಿಡ್ಡ ಪುಲ್ಲಿಯಿಂದ 30 ಸೆಂಟಿಮೀಟರ್ ಎತ್ತಬೇಕು. ಸಡಿಲಾದ ಹಗ್ಗವನ್ನು ಡಿಸೆಂಡರ್‌ನಲ್ಲಿ ಎಳೆದು ಲಾಕ್ ಮಾಡಿ, ಪುಲ್ಲಿಯನ್ನು ನಿಧಾನವಾಗಿ ಬಿಟ್ಟು ತೂಕವನ್ನು ಡಿಸೆಂಡರ್ ಮೇಲೆ ತರಬೇಕು. ಈಗ ಹಳೆಯ ಲ್ಯಾನ್ಯಾರ್ಡ್ ಜೋತುಬಿದ್ದಿರುತ್ತದೆ, ಕೊಕ್ಕೆ ಬಿಡಿಸಬಹುದು. ಕ್ಲಾಂಪ್ ಕಳಚಿದ ಮೇಲೆ ಇಳಿಸುವುದು. ಸೆಕೆಂಡಿಗೆ ಅರ್ಧ ಮೀಟರ್ ಅಂದರೂ 36 ಮೀಟರ್‌ಗೆ 72 ಸೆಕೆಂಡ್.

ಸಿನಿಮಾದಲ್ಲಿ ಆದರೆ ಚಾಕು ತೆಗೆದು ಲ್ಯಾನ್ಯಾರ್ಡ್ ಕತ್ತರಿಸುತ್ತಾರೆ. ತೂಕ ಬಿದ್ದು ಬಿಗಿಯಾದ ಹಗ್ಗ ಚಾಕು ತಾಗಿದ ಕೂಡಲೇ ಹೋಗಿಬಿಡುತ್ತದೆ, ಮತ್ತು ರಕ್ಷಣೆಯ ಹಗ್ಗವೂ ಪಕ್ಕದಲ್ಲೇ ಬಿಗಿಯಾಗಿ ಇರುತ್ತದೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಚಾಕು.

ಇನ್ನೊಂದು ವಿಷಯ ಕಾಗದದಲ್ಲಿ ಯಾರಿಗೂ ಹೊಳೆಯುವುದಿಲ್ಲ. ಇಂಥ ಟವರ್ ಕೆಳಗೆ ಅಗಲ, ಮೇಲೆ ಕಿರಿದು. ಮೇಲಿನಿಂದ ನೇರ ಇಳಿಸಿದ ಮನುಷ್ಯ ಅರ್ಧ ದಾರಿಗೆ ಬರುವಷ್ಟರಲ್ಲಿ ಟವರ್‌ನ ಅಡ್ಡಪಟ್ಟಿಗಳಿಗೆ ಬಡಿದು ಸಿಕ್ಕಿಕೊಳ್ಳುತ್ತಾನೆ. ಅದಕ್ಕೇ ಅವನಿಗೆ ಇನ್ನೊಂದು ಹಗ್ಗ ಕಟ್ಟಿ ಕೆಳಗಿನವರು ದೂರದಿಂದ ಎಳೆದು ಹಿಡಿದಿರಬೇಕು. ಆ ಎಳೆಯುವವರು ನಿಲ್ಲಲು ಜಾಗ ಎಲ್ಲಿ? ಒಂದು ಬದಿ ಕಾಂಪೌಂಡ್, ಇನ್ನೊಂದು ಬದಿ ತೆಂಗಿನ ತೋಟ, ಮತ್ತೊಂದು ಬದಿ ವಿದ್ಯುತ್ ಲೈನ್ ಇದ್ದರೆ ಯಾವ ಮುಖದಿಂದ ಇಳಿಸಬೇಕು? ಇದನ್ನು ಹತ್ತುವ ಮೊದಲು ಅಲ್ಲೇ ನಿಂತು ನೋಡಿ ನಿರ್ಧರಿಸಬೇಕು. ರಕ್ಷಣಾ ಯೋಜನೆ ಅಂದರೆ ಇದೇ.

ಅಭ್ಯಾಸ ಇರುವವರಿಗೆ ಇಷ್ಟೆಲ್ಲಾ ಹತ್ತು ಹನ್ನೆರಡು ನಿಮಿಷದ ಕೆಲಸ ಅಂತ ನಮ್ಮ ಅಂದಾಜು. ಆದರೆ ಚೀಲ ಮೇಲೆ ಇದ್ದರೆ ಮಾತ್ರ. ಚೀಲ ಜೀಪಿನಲ್ಲಿ ಇದ್ದರೆ ಅದನ್ನು ಮೇಲೆ ತರುವ ಸಮಯವನ್ನೂ ಕೂಡಿಸಿ. ಮೇಲೆ ಹೋದದ್ದು ಒಬ್ಬನೇ ಆಗಿದ್ದು ಕೆಳಗಿನವನಿಗೆ ಹತ್ತಲು ಬರದಿದ್ದರೆ, ಲೆಕ್ಕವೇ ಇಲ್ಲ.

ರೋಪ್ ಆ್ಯಕ್ಸೆಸ್‌ನವರ ಪದ್ಧತಿ ಇದಕ್ಕೆ ಒಳ್ಳೆಯ ಹೋಲಿಕೆ. ಅವರು ಯಾವಾಗಲೂ ಬೇರೆ ಬೇರೆ ಆಂಕರ್ ಇರುವ ಎರಡು ಹಗ್ಗದಲ್ಲಿ ಇರುತ್ತಾರೆ, ಒಂದು ಕೆಲಸಕ್ಕೆ, ಒಂದು ಜೀವಕ್ಕೆ. ಎಷ್ಟೋ ಕಡೆ ಹಗ್ಗವನ್ನು ಆಂಕರಿಗೆ ಗಂಟು ಹಾಕುವ ಬದಲು ಮೊದಲೇ ಲಾಕ್ ಮಾಡಿದ ಡಿಸೆಂಡರ್ ಮೂಲಕ ಕಟ್ಟಿರುತ್ತಾರೆ. ಏನಾದರೂ ಆದರೆ ಮೇಲಿನವನು ಲಾಕ್ ತೆಗೆದು ಇಳಿಸಿಬಿಡಬಹುದು, ಎತ್ತುವ ಗೋಳೇ ಇಲ್ಲ. ಅಲ್ಲಿ ರಕ್ಷಣೆ ಕೆಲಸದ ಒಳಗೇ ಇದೆ.

ಅವರಲ್ಲಿ ಅರ್ಹತೆ ಪರೀಕ್ಷಿಸುವ ರೀತಿಯೂ ಹಾಗೇ. ಐರಾಟಾ ಸಂಸ್ಥೆಯ ಪದ್ಧತಿಯಲ್ಲಿ ಕನಿಷ್ಠ ನಾಲ್ಕು ದಿನ ತರಬೇತಿ, ಆಮೇಲೆ ತರಬೇತಿ ಕೊಟ್ಟವರಲ್ಲದ ಬೇರೆ ಪರೀಕ್ಷಕರ ಮುಂದೆ ಮಾಡಿ ತೋರಿಸಬೇಕು. ಮುಂದಿನ ಹಂತಕ್ಕೆ ಹೋಗಲು ಒಂದು ವರ್ಷ ಮತ್ತು ಹಗ್ಗದಲ್ಲಿ 1000 ಗಂಟೆ ಕೆಲಸ. ಮೂರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಮೂರನೇ ಹಂತದವರು ಸೈಟಿನಲ್ಲಿ ಇಲ್ಲದೆ ಕೆಲಸ ಶುರು ಆಗುವುದಿಲ್ಲ.

ನಮ್ಮ ಕಡೆ ಟವರ್ ಕೆಲಸಕ್ಕೆ ಹುಡುಗರನ್ನು ಆರಿಸುವಾಗ ನೋಡುವುದು ಒಂದೇ, ಹತ್ತಲು ಧೈರ್ಯ ಇದೆಯಾ. ಕಾರ್ಕಳದ ಕಡೆ ಕಾಲಿಗೆ ಹಗ್ಗದ ಕುಣಿಕೆ ಹಾಕಿಕೊಂಡು ಅಡಿಕೆ ಮರ ಹತ್ತುವವರನ್ನು ನೋಡಿದವರಿಗೆ ಗೊತ್ತು, ನಮ್ಮ ಊರಲ್ಲಿ ಧೈರ್ಯಕ್ಕೆ ಬರ ಇಲ್ಲ. ಆದರೆ ತಾನು ಹತ್ತಲು ಗೊತ್ತಿರುವುದು ಬೇರೆ, ಇನ್ನೊಬ್ಬನನ್ನು ಇಳಿಸಲು ಗೊತ್ತಿರುವುದು ಬೇರೆ. ಎರಡನೆಯದು ಯಾವ ಮರವೂ ಕಲಿಸುವುದಿಲ್ಲ.

ಇಂಟರ್ನ್‌ಶಿಪ್ ಮುಗಿಸಿ ಬಂದ ಸೀನಿಯರ್ ಒಬ್ಬರು ಹೇಳಿದ್ದು ನಮಗೆ ಇನ್ನೂ ತಲೆಯಲ್ಲಿದೆ. ಅವರು ಹೋಗಿದ್ದ ಕಡೆ ಪರ್ಮಿಟ್ ಫಾರ್ಮಿನಲ್ಲಿ "ರಕ್ಷಣಾ ಯೋಜನೆ ಇದೆಯೇ" ಅಂತ ಒಂದು ಸಾಲು, ಎದುರಿಗೆ ಒಂದು ಚೌಕ. "ನಾನು ದಿನಾ ಟಿಕ್ ಹಾಕ್ತಿದ್ದೆ ಮಾರಾಯ, ಯೋಜನೆ ಅಂದ್ರೆ ಎಂತ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ." ರಿಗ್ಗರ್‌ಗಳ ತರಬೇತಿ ಕಾರ್ಡ್ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬರುತ್ತಿತ್ತಂತೆ.

ಆ ಚೌಕವನ್ನೇ ತೆಗೆದುಹಾಕಿ ಅನ್ನುತ್ತೇವೆ ನಾವು. ಅದರ ಜಾಗದಲ್ಲಿ ಮೂರು ಖಾಲಿ ಸಾಲು ಇರಲಿ: ಇಳಿಸುವವರ ಹೆಸರು, ಚೀಲ ಈಗ ಎಲ್ಲಿದೆ, ಯಾವ ಮುಖದಿಂದ ಇಳಿಸುತ್ತಾರೆ. ಟಿಕ್ ಹಾಕಿದಷ್ಟು ಸುಲಭವಾಗಿ ಇದನ್ನು ತುಂಬಲು ಆಗುವುದಿಲ್ಲ, ಹೋಗಿ ನೋಡಲೇಬೇಕಾಗುತ್ತದೆ. ಮತ್ತು ಕಾರ್ಡಿನ ಫೋಟೋ ಬದಲು, ಕೆಲಸ ಶುರುವಾಗುವ ಮೊದಲ ದಿನ 80 ಕಿಲೋ ಮರಳಿನ ಚೀಲಕ್ಕೆ ಹಾರ್ನೆಸ್ ಹಾಕಿ, ನೆಲದಿಂದ ಮೂರು ಮೀಟರ್ ಎತ್ತರದಲ್ಲಿ ನೇತುಹಾಕಿ, ಅದನ್ನು ಇಳಿಸಿ ತೋರಿಸಲಿ. ಮೂರು ಮೀಟರಿನಲ್ಲಿ ಪುಲ್ಲಿ ತಲೆಕೆಳಗಾಗಿ ಕಟ್ಟಿದವನು 36 ಮೀಟರಿನಲ್ಲಿ ಸರಿಯಾಗಿ ಕಟ್ಟುತ್ತಾನೆ ಅಂತ ನಂಬುವುದು ಹೇಗೆ? ಕ್ಯಾರಬೀನರ್ ಬಾಗಿಲು ಉಪ್ಪುಗಾಳಿಗೆ ತುಕ್ಕು ಹಿಡಿದು ಮುಚ್ಚಿಕೊಳ್ಳದೆ ನಿಲ್ಲುವುದೂ ಆಗಲೇ ಗೊತ್ತಾಗುತ್ತದೆ.

"ಇದಕ್ಕೆಲ್ಲ ಅರ್ಧ ದಿನ ಹೋಗುತ್ತದೆ, ಕಂಟ್ರಾಕ್ಟರ್ ಒಪ್ಪುವುದಿಲ್ಲ" ಅನ್ನುತ್ತಾರೆ. ಹೌದು, ಹೋಗುತ್ತದೆ. ಟವರ್ ಕೆಲಸಕ್ಕೆ ರೇಟು ಹಾಕುವಾಗಲೇ ಆ ಅರ್ಧ ದಿನವನ್ನು ಸೇರಿಸದಿದ್ದರೆ ಸಣ್ಣ ಕಂಟ್ರಾಕ್ಟರ್ ಅದನ್ನು ತನ್ನ ಕೈಯಿಂದ ಹಾಕುವುದಿಲ್ಲ. ಹಾಗಾಗಿ ಕೇಳಬೇಕಾದದ್ದು ರಿಗ್ಗರ್‌ನನ್ನಲ್ಲ, ಟೆಂಡರ್ ಬರೆಯುವವರನ್ನು.

ಕೊನೆಗೆ ಒಂದು ಹಳೆಯ ತಪ್ಪು ನಂಬಿಕೆ. ಇಳಿಸಿದವನನ್ನು ಮಲಗಿಸಬಾರದು, ಕೂರಿಸಿಯೇ ಇಡಬೇಕು, ಇಲ್ಲದಿದ್ದರೆ ಕಾಲಿನ ರಕ್ತ ಒಮ್ಮೆಲೇ ಹೃದಯಕ್ಕೆ ನುಗ್ಗಿ ಸಾಯುತ್ತಾನೆ ಅಂತ ತುಂಬಾ ಕಡೆ ಹೇಳಿಕೊಡುತ್ತಿದ್ದರು. ಬ್ರಿಟನ್ನಿನ ಸುರಕ್ಷತಾ ಇಲಾಖೆ 2009ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ. ಮಲಗಿಸಿ, ಉಸಿರು ನೋಡಿ, ಮಾಮೂಲಿ ಪ್ರಥಮ ಚಿಕಿತ್ಸೆ ಕೊಡಿ, ಎಚ್ಚರ ಇದ್ದರೂ ಆಸ್ಪತ್ರೆಗೆ ಕಳಿಸಿ.

ಅವತ್ತು ನಾವು ಹೊರಡುವಾಗ ಮೇಲಿನ ಇಬ್ಬರು ಇನ್ನೂ ಕೆಲಸ ಮಾಡುತ್ತಿದ್ದರು. ಕೆಳಗಿನ ಅಣ್ಣ ನಮ್ಮನ್ನು ಕೂಗಿ ಕೇಳಿದರು, "ಹೌದಾ, ನೇತಾಡಿದ್ರೆ ನಿಜಕ್ಕೂ ಎಂತ ಮಾಡುದು?" ಅವತ್ತು ನಮ್ಮ ಹತ್ತಿರ ಉತ್ತರ ಇರಲಿಲ್ಲ. ಎರಡು ವರ್ಷ ಬಿಟ್ಟು ಪರ್ಮಿಟ್‌ಗೆ ಸಹಿ ಹಾಕುವಾಗಲೂ ಇಲ್ಲದಿದ್ದರೆ, ಸಹಿ ಹಾಕುವುದು ಬೇಡ.