ಪಾಸ್‌ಪೋರ್ಟು, ಬಳೆ ಮತ್ತು ನಿಲ್ಲದ ಗಡಿಯಾರ

ಅರೇಹಳ್ಳಿಯ ಕಾಫಿ ತೋಟವೊಂದರಲ್ಲಿ ರೈಟರಾಗಿರುವವರ ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಆಸ್ಟ್ರೇಲಿಯಾದ ಕನಸು ಕಾಣುತ್ತಿದ್ದಾಳೆ ಎಂದಿಟ್ಟುಕೊಳ್ಳೋಣ. ಹೆಸರು ಚೈತ್ರಾ. ಅವಳು ಪಿ.ಟಿ.ಇ. ಅಥವಾ ಐ.ಇ.ಎಲ್.ಟಿ.ಎಸ್. ಎಂಬ ಇಂಗ್ಲಿಷ್ ಪರೀಕ್ಷೆಯನ್ನು ಕಂಪ್ಯೂಟರ್ ಮುಂದೆ ಕೂತು ಬರೆಯಬೇಕು. ಶುಲ್ಕವೇ ಸುಮಾರು 18 ಸಾವಿರ ರೂಪಾಯಿ. ಪರೀಕ್ಷೆ ಬೆಂಗಳೂರಿನಲ್ಲಿದ್ದರೆ ಹಿಂದಿನ ದಿನವೇ ಹಾಸನದ ಬಸ್ಸು ಹಿಡಿಯಬೇಕು. ಅಲ್ಲಿಗೆ ಹೋದಮೇಲೆ ಬಾಗಿಲಲ್ಲೇ ವಾಪಸ್ ಕಳಿಸಿದರೆ ಹಣವೂ ಹೋಯಿತು, ದಿನವೂ ಹೋಯಿತು. ಈ ಪರೀಕ್ಷೆಗಳ ಬಾಗಿಲ ನಿಯಮಗಳು ಅತಿಯಾದವು ಎಂದು ದೂರುವವರಿದ್ದಾರೆ, ಇಷ್ಟಾದರೂ ಇರಲೇಬೇಕು ಎನ್ನುವವರೂ ಇದ್ದಾರೆ. ನನಗೆ ಕಂಡಂತೆ ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಎಲ್ಲ ನಿಯಮದ ಬಗ್ಗೆಯೂ ಒಂದೇ ಸಮನಾಗಿ ಅಲ್ಲ.

ಮೊದಲು ಗುರುತಿನ ಚೀಟಿ. ಭಾರತದಲ್ಲಿ ಈ ಎರಡೂ ಪರೀಕ್ಷೆಗಳಿಗೆ ಪಾಸ್‌ಪೋರ್ಟ್ ಒಂದೇ ನಡೆಯುವುದು. ಅದು ಅಸಲಿಯಾಗಿರಬೇಕು, ಅವಧಿ ಮುಗಿದಿರಬಾರದು. ಜೆರಾಕ್ಸ್, ಮೊಬೈಲಿನ ಫೋಟೊ, ಆಧಾರ್, ವೋಟರ್ ಐಡಿ ಯಾವುದನ್ನೂ ಒಪ್ಪುವುದಿಲ್ಲ. ಬೆರಳಚ್ಚು, ಕಣ್ಣಿನ ಗುರುತು ಎಲ್ಲ ಇರುವ ಆಧಾರ್ ಕೈಯಲ್ಲಿರುವಾಗ ಇನ್ನೊಂದು ಪುಸ್ತಕ ಏಕೆ ಎಂದು ಕೇಳುವುದು ಸಹಜ. ಆದರೆ ಅಂಕಪಟ್ಟಿಯನ್ನು ನೋಡುವುದು ಹೊರದೇಶದ ವೀಸಾ ಕಚೇರಿ. ಅಲ್ಲಿನವರು ಅರ್ಜಿಯ ಜೊತೆ ತಾಳೆ ನೋಡುವುದು ಪಾಸ್‌ಪೋರ್ಟನ್ನು. ವಿದೇಶಕ್ಕೆ ಹೋಗುವವಳಿಗೆ ಅದು ಹೇಗಿದ್ದರೂ ಬೇಕು, ಮತ್ತು ಈಗ ಹಾಸನದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಸಿಗುತ್ತದೆ.

ತೊಡಕು ಇರುವುದು ಹೆಸರಿನಲ್ಲಿ. ಹಳೇ ಮೈಸೂರು ಕಡೆ ನಮಗೆ ಮನೆತನದ ಹೆಸರಿಗಿಂತ ಇನಿಷಿಯಲ್ ರೂಢಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವಳು ಚೈತ್ರಾ ಎ.ಆರ್. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ಲನ್ನು ಬಿಡಿಸಿ ಬರೆಯಬೇಕಾದ್ದರಿಂದ ಅಲ್ಲಿ ಅವಳು ಚೈತ್ರಾ ಅರೇಹಳ್ಳಿ ರಾಮೇಗೌಡ. ಸಾಲದ್ದಕ್ಕೆ ಇಂಗ್ಲಿಷಿನಲ್ಲಿ ‘ತ್ರಾ’ ಬರೆಯುವಾಗ ಒಂದು ಕಡೆ ‘ಹೆಚ್’ ಅಕ್ಷರ ಬಂದಿರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಅಭ್ಯಾಸಬಲದಿಂದ ಅಂಕಪಟ್ಟಿಯ ಹೆಸರನ್ನೇ ಟೈಪ್ ಮಾಡಿದರೆ ಬಾಗಿಲಲ್ಲಿ ಎರಡೂ ಹೊಂದುವುದಿಲ್ಲ. ಇನ್ನೊಂದು ಬಲೆಯೂ ಇದೆ: ನೋಂದಣಿ ಆದಮೇಲೆ ಪಾಸ್‌ಪೋರ್ಟ್ ನವೀಕರಿಸಿದರೆ ಹೊಸ ಪುಸ್ತಕಕ್ಕೆ ಹೊಸ ನಂಬರು ಬರುತ್ತದೆ. ಇಂಥದ್ದನ್ನೆಲ್ಲ ಪರೀಕ್ಷೆಗೆ ಮುಂಚೆ ಅವರಿಗೆ ಬರೆದು ತಿದ್ದಿಸಿಕೊಳ್ಳಬೇಕು. ಬಾಗಿಲಲ್ಲಿ ಕೂತವರಿಗೆ ತಿದ್ದುವ ಅಧಿಕಾರ ಇರುವುದಿಲ್ಲ, ಅವರೊಡನೆ ವಾದಿಸಿ ಫಲವಿಲ್ಲ.

ಒಂದು ಅಕ್ಷರಕ್ಕೆ ಇಷ್ಟು ಬಿಗಿಯೇ? ಹೌದೆನ್ನಲು ಬ್ರಿಟನ್ನಿನ ಪ್ರಸಂಗವೊಂದು ಸಾಕು. 2014ರ ಫೆಬ್ರವರಿಯಲ್ಲಿ ಬಿ.ಬಿ.ಸಿ.ಯ ಪನೋರಮಾ ಕಾರ್ಯಕ್ರಮ ಲಂಡನ್ನಿನ ಪರೀಕ್ಷಾ ಕೇಂದ್ರಗಳಲ್ಲಿ ಗುಪ್ತ ಕ್ಯಾಮೆರಾ ಇಟ್ಟಿತು. ವೀಸಾಕ್ಕಾಗಿ ನಡೆಯುತ್ತಿದ್ದ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಅಸಲಿ ಅಭ್ಯರ್ಥಿಯ ಬದಲು ಇನ್ನೊಬ್ಬರು ಕೂತು ಬರೆಯುವುದು ಅದರಲ್ಲಿ ಸೆರೆಯಾಯಿತು. ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. 2011ರಿಂದ 2014ರವರೆಗೆ ನಡೆದ 58 ಸಾವಿರಕ್ಕೂ ಹೆಚ್ಚು ಪರೀಕ್ಷೆಗಳ ಧ್ವನಿಮುದ್ರಣ ಕೇಳಿ, ಅದರಲ್ಲಿ ನೂರಕ್ಕೆ 97ರಷ್ಟು ಅನುಮಾನಾಸ್ಪದ ಎಂದು ಪರೀಕ್ಷಾ ಸಂಸ್ಥೆ ಗುರುತು ಹಾಕಿತು. ಸಾವಿರಾರು ವಿದ್ಯಾರ್ಥಿಗಳ ವೀಸಾ ರದ್ದಾಯಿತು. ಅವರಲ್ಲಿ ಭಾರತೀಯರೂ ಬಹಳ. ತಾವೇ ಬರೆದಿದ್ದೇವೆಂದು ವರ್ಷಗಟ್ಟಲೆ ಕೋರ್ಟು ಅಲೆದವರಿದ್ದಾರೆ, ಗೆದ್ದವರೂ ಇದ್ದಾರೆ. ಅಂದು ಒಳಗೆ ಕೂತದ್ದು ಯಾರೆಂಬುದಕ್ಕೆ ಗಟ್ಟಿ ದಾಖಲೆ ಇದ್ದಿದ್ದರೆ ಪ್ರಾಮಾಣಿಕರು ಬಚಾವಾಗುತ್ತಿದ್ದರು. ಇಂದು ಪಿ.ಟಿ.ಇ. ಕೇಂದ್ರದಲ್ಲಿ ಅಂಗೈಯ ರಕ್ತನಾಳದ ಗುರುತು, ಫೋಟೊ, ಸಹಿ ತೆಗೆದುಕೊಳ್ಳುವುದನ್ನು ನಾನು ಒಪ್ಪುವುದು ಈ ಕಾರಣಕ್ಕೇ. ಅದು ಅವಳ ಮೇಲಿನ ಅನುಮಾನದಿಂದ ಹುಟ್ಟಿದ್ದರೂ ಮುಂದೆ ಅವಳ ಪರವಾಗಿ ಸಾಕ್ಷಿ ಹೇಳಬಲ್ಲದು.

ಒಳಗೆ ಏನೇನು ಒಯ್ಯಬಹುದು ಎಂಬುದು ಇದಕ್ಕಿಂತ ಸಣ್ಣ ವಿಷಯ. ಫೋನು, ಕೈಗಡಿಯಾರ, ಪರ್ಸು, ಬ್ಯಾಗು ಎಲ್ಲ ಲಾಕರಿಗೆ. ಬರೆದುಕೊಳ್ಳಲು ಕೇಂದ್ರದವರೇ ಕೊಡುತ್ತಾರೆ: ಪಿ.ಟಿ.ಇ.ಯಲ್ಲಿ ಒರೆಸಬಹುದಾದ ಹಾಳೆಯ ಪುಸ್ತಕ ಮತ್ತು ಮಾರ್ಕರ್, ಐ.ಇ.ಎಲ್.ಟಿ.ಎಸ್.ನಲ್ಲಿ ಕಾಗದ, ಪೆನ್ಸಿಲ್ಲು. ಅಗಲವಾದ ಬಳೆ, ದೊಡ್ಡ ಓಲೆ ಬಿಚ್ಚಿಡಬೇಕು. ಕನ್ನಡಕವನ್ನೂ ತೆಗೆಸಿ ನೋಡುತ್ತಾರೆ. ಒಡವೆಯ ವಿಷಯದಲ್ಲಿ ನಮ್ಮವರಿಗೆ ಸಿಟ್ಟು ಬರುವುದು ಹೊಸದಲ್ಲ. 2023ರ ಅಕ್ಟೋಬರಿನಲ್ಲಿ ಕಲಬುರಗಿ, ಯಾದಗಿರಿಯಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪರೀಕ್ಷೆಗೆ ಬ್ಲೂಟೂತ್ ಬಳಸಿದವರು ಸಿಕ್ಕಿಬಿದ್ದ ಮೇಲೆ ವಸ್ತ್ರಸಂಹಿತೆ ಬಿಗಿಯಾಯಿತು, ಮಂಗಳಸೂತ್ರ ಮತ್ತು ಕಾಲುಂಗುರಕ್ಕೆ ವಿನಾಯಿತಿಯೂ ಬಂತು. 2025ರ ಏಪ್ರಿಲ್‌ನಲ್ಲಿ ಸಿಇಟಿ ಬರೆಯಲು ಹೋದವರ ಜನಿವಾರ ತೆಗೆಸಲು ಹೊರಟದ್ದು ಬೀದರ್, ಶಿವಮೊಗ್ಗದಲ್ಲಿ ದೊಡ್ಡ ಗಲಾಟೆಯಾಯಿತು. ಈ ಜನಿವಾರದ ಪ್ರಸಂಗ ಹೇಳುವುದು ಇಷ್ಟು: ನಿಯಮದಲ್ಲಿ ಬರೆದಿಲ್ಲದ್ದನ್ನು ಬಾಗಿಲಲ್ಲಿ ನಿಂತವನು ತನ್ನ ತಲೆಯಿಂದ ಸೇರಿಸಿದಾಗ ಜಗಳ ಹುಟ್ಟುತ್ತದೆ. ಇಂಗ್ಲಿಷ್ ಪರೀಕ್ಷೆಯವರು ಆ ಮಟ್ಟಿಗೆ ವಾಸಿ, ಪಟ್ಟಿಯನ್ನು ಮೊದಲೇ ಪ್ರಕಟಿಸುತ್ತಾರೆ. ಪಿ.ಟಿ.ಇ. ನಡೆಸುವ ಪಿಯರ್ಸನ್ ಕೇಂದ್ರಗಳಲ್ಲಿ ಇನ್‌ಹೇಲರ್, ಮೈಗೆ ಅಂಟಿಕೊಂಡ ಇನ್ಸುಲಿನ್ ಪಂಪು, ಹೊದಿಕೆ ಬಿಚ್ಚಿದ ಮಾತ್ರೆ ಇಂಥವಕ್ಕೆ ಮುಂಗಡ ಅನುಮತಿಯೂ ಬೇಡ, ಕಣ್ಣಲ್ಲಿ ನೋಡಿ ಒಳಗೆ ಬಿಡುತ್ತಾರೆ.

ವಿರಾಮದ ನಿಯಮಕ್ಕೆ ಬಂದಾಗ ನನ್ನ ಒಪ್ಪಿಗೆ ಸಡಿಲವಾಗುತ್ತದೆ. ಹಿಂದೆ ಪಿ.ಟಿ.ಇ. ಮೂರು ಗಂಟೆಯದು, ನಡುವೆ 10 ನಿಮಿಷ ಬೇಕಾದರೆ ಏಳಬಹುದಿತ್ತು. 2021ರ ನವೆಂಬರಿನಲ್ಲಿ ಪರೀಕ್ಷೆಯನ್ನು ಸುಮಾರು ಎರಡು ಗಂಟೆಗೆ ಇಳಿಸಿದರು, ವಿರಾಮ ಹೋಯಿತು. ಟೋಫೆಲ್ ಕೂಡ 2023ರ ಜುಲೈಯಲ್ಲಿ ಅದೇ ದಾರಿ ಹಿಡಿಯಿತು. ಐ.ಇ.ಎಲ್.ಟಿ.ಎಸ್.ನಲ್ಲಿ ಕೇಳುವುದು, ಓದುವುದು, ಬರೆಯುವುದು ಎರಡೂವರೆ ಗಂಟೆ ಮೀರಿದರೂ ನಡುವೆ ಬಿಡುವಿಲ್ಲ. ಕೈ ಎತ್ತಿ ಶೌಚಾಲಯಕ್ಕೆ ಹೋಗಬಹುದು, ಪರದೆಯ ಮೇಲಿನ ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಪಿ.ಟಿ.ಇ.ಯಲ್ಲಿ ಮರಳಿ ಬಂದಾಗ ಗುರುತಿನ ತಪಾಸಣೆ ಇನ್ನೊಮ್ಮೆ ಆಗಬೇಕು. ಐದು ನಿಮಿಷವೆಂದರೂ ಅರ್ಧ ಗಂಟೆ ಮೀರದ ಓದಿನ ಭಾಗದಲ್ಲಿ ಆರನೇ ಒಂದು ಪಾಲು ಹೋದಂತೆ. ಮಾತನಾಡುವ ಭಾಗದಲ್ಲಂತೂ ಮೂರು ಸೆಕೆಂಡು ಮೌನವಾದರೆ ಮೈಕು ಮುಚ್ಚಿಕೊಂಡು ಆ ಉತ್ತರ ಅಲ್ಲಿಗೇ ಮುಗಿಯುತ್ತದೆ. ಎದ್ದು ಹೋದವಳ ಪಾಲಿನ ಸಮಯ ಅವಳಿಗಾಗಿ ಕಾಯುವುದಿಲ್ಲ.

ಇದರ ಪರವಾಗಿಯೂ ವಾದವಿದೆ. ಪಿ.ಟಿ.ಇ. ಕೊಠಡಿಯಲ್ಲಿ ಎಲ್ಲರೂ ಒಟ್ಟಿಗೆ ಶುರುಮಾಡುವುದಿಲ್ಲ. ಮುಂದೆ ಹೋದವನು ವಿರಾಮದಲ್ಲಿ ಹಿಂದೆ ಇರುವವನ ಜೊತೆ ಮಾತಾಡಬಹುದು, ಲಾಕರಿನ ಫೋನು ಮುಟ್ಟಬಹುದು. ಎರಡು ಗಂಟೆ ಕೂರಲಾರದವರು ಕಡಿಮೆ ಎನ್ನುವುದೂ ನಿಜ. ಕಾಯಿಲೆ ಇರುವವರು ವೈದ್ಯರ ಪತ್ರ ಕಳಿಸಿ ವಾರಗಳ ಮೊದಲೇ ಹೆಚ್ಚುವರಿ ವಿರಾಮ ಕೇಳಿಕೊಳ್ಳಬಹುದು. ಆದರೆ ಮುಟ್ಟಿನ ಮೊದಲ ದಿನಕ್ಕೆ, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಕೆಟ್ಟ ಹೊಟ್ಟೆಗೆ ಯಾವ ವೈದ್ಯರು ವಾರಗಳ ಮೊದಲು ಪತ್ರ ಬರೆದುಕೊಡುತ್ತಾರೆ? ಇನ್ನು ವಿರಾಮದಲ್ಲಿ ಪ್ರಶ್ನೆಗಳು ಸೋರುತ್ತವೆಂಬ ವಾದ. ಎಂ.ಬಿ.ಎ. ಪ್ರವೇಶದ ಜಿಮ್ಯಾಟ್ ಪರೀಕ್ಷೆ ಪಿಯರ್ಸನ್ ಕೇಂದ್ರಗಳಲ್ಲೇ ನಡೆಯುತ್ತದೆ. ಅದೂ ಈಗ ಎರಡೂಕಾಲು ಗಂಟೆಯದೇ. ಆದರೂ ಭಾಗಗಳ ನಡುವೆ ಬೇಕಾದಲ್ಲಿ 10 ನಿಮಿಷದ ವಿರಾಮ ತೆಗೆದುಕೊಳ್ಳಲು ಬಿಡುತ್ತಾರೆ, ಮರಳಿ ಬರುವಾಗ ತಪಾಸಣೆ ಮಾಡುತ್ತಾರೆ. ಹಾಗಾದರೆ ಎರಡು ಭಾಗಗಳ ನಡುವೆ ಒಮ್ಮೆ ಗಡಿಯಾರ ನಿಲ್ಲಿಸುವುದು ಇಂಗ್ಲಿಷ್ ಪರೀಕ್ಷೆಗೆ ಮಾತ್ರ ಏಕೆ ಸಾಧ್ಯವಿಲ್ಲ ಎಂಬುದಕ್ಕೆ ನಡೆಸುವವರೇ ಉತ್ತರ ಹೇಳಬೇಕು.